ಕಿವಿ ಹೇಳಿದ ಭಾರ

ಪುಣೆಗೆ ಬಂದ ಮೇಲೆ ಮಗಳ ಶಾಲೆಯ ಬ್ಯಾಗು ದಪ್ಪವಾಗುತ್ತಲೇ ಇದೆ. ಅವಳ ತೂಕ 24 ಕಿಲೊ, ಬ್ಯಾಗಿನದು 4. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯ ಶೇ. 10ರ ಲೆಕ್ಕದಲ್ಲಿ 2.4 ಕಿಲೊ ಸಾಕು.

ಫೋನನ್ನು ಅವಳ ಎದೆಯ ಎತ್ತರದಲ್ಲಿ ನೆಟ್ಟಗೆ ಹಿಡಿದು, ಮೊದಲು ಬ್ಯಾಗಿಲ್ಲದೆ, ಆಮೇಲೆ ಬ್ಯಾಗ್ ಹೊತ್ತು ಐದು ನಿಮಿಷ ನಡೆದಾದ ಮೇಲೆ, ಎದುರಿನಿಂದಲೂ ಪಕ್ಕದಿಂದಲೂ ಫೋಟೊ ತೆಗೆದೆ. ನಾವು ನಿಂತಲ್ಲಿಂದಲೇ ಕೆಳಮುಖವಾಗಿ ತೆಗೆದರೆ ಭಂಗಿ ಸರಿಯಾಗಿ ತಿಳಿಯುವುದಿಲ್ಲ.

ಎದುರಿನ ಫೋಟೊದಲ್ಲಿ ಎರಡೂ ಭುಜ ಸಮವಾಗಿದ್ದವು. ಗುಟ್ಟು ಬಯಲಾದದ್ದು ಪಕ್ಕದ್ದರಲ್ಲಿ: ಬ್ಯಾಗಿಲ್ಲದಾಗ ಭುಜದ ನೇರಕ್ಕಿದ್ದ ಕಿವಿ ಈಗ ಮುಂದಕ್ಕೆ ಚಾಚಿತ್ತು. ಭಾರ ಹಿಂದಕ್ಕೆ ಎಳೆದಂತೆ ಮೈ ಮುಂದಕ್ಕೆ ಬಾಗುತ್ತದೆ. ಪಟ್ಟಿ ಬಿಗಿಸಿ, ದಪ್ಪ ಪುಸ್ತಕವನ್ನು ಬೆನ್ನಿಗೆ ತಾಗಿಸಿಟ್ಟೆ. ಕಿವಿ ಅರ್ಧ ಹಿಂದೆ ಬಂತು. ಉಳಿದರ್ಧಕ್ಕೆ ತೂಕವೇ ಇಳಿಯಬೇಕು. ಬ್ಯಾಗಿಲ್ಲದ ಫೋಟೊದಲ್ಲೂ ಭುಜ ಓರೆಯಿದ್ದರೆ ಮಾತ್ರ ಅದು ಬ್ಯಾಗಿನ ಮಾತಲ್ಲ, ಡಾಕ್ಟರರದು.