ಚಿಗವ್ವನ ಬಕೆಟ್ಟು ಮತ್ತು ಒರೆಸೋ ಬಟ್ಟೆ

ಈ ಕಡೆ ಬಂದು ಬಹಳ ದಿನ ಆಯ್ತು. ಕೆಲಸ, ರಿಲೀಸು ಅಂತ ಏನೇನೋ ನೆಪ. ಕಳೆದ ತಿಂಗಳು ಊರಿಗೆ ಹೋಗಿದ್ದೆ. ಅಲ್ಲಿ ನಡೆದದ್ದನ್ನ ಬರೆದಿಡಬೇಕು ಅನ್ನಿಸ್ತು.

ಊರು ಅಂದ್ರೆ ಹನುಮನಹಳ್ಳಿ. ಅಂಜನಾದ್ರಿ ಬೆಟ್ಟದ ಹತ್ತಿರ, ಗಂಗಾವತಿ ತಾಲೂಕು. ಹೊಳೆ ದಾಟಿದರೆ ಹಂಪಿ. ನಮ್ಮ ಕಾಕಾ ಮೊದಲು ವಿರೂಪಾಪುರ ಗಡ್ಡೆಯ ಒಂದು ಗೆಸ್ಟ್‌ಹೌಸಿನಲ್ಲಿ ಅಡುಗೆ ಮಾಡ್ತಿದ್ದ. ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರಲ್ಲಿ ಅಲ್ಲಿದ್ದ ರೆಸಾರ್ಟುಗಳನ್ನೆಲ್ಲ ಕೆಡವಿದರಲ್ಲ, ಆಮೇಲೆ ಊರಲ್ಲೇ ಸಣ್ಣದೊಂದು ಹೋಟ್ಲು ಹಾಕಿದ. ಬೆಳಿಗ್ಗೆ ಇಡ್ಲಿ, ಒಗ್ಗರಣಿ-ಮಿರ್ಚಿ, ಹೊರಗಿನವರು ಬಂದರೆ ಆಮ್ಲೆಟ್ಟು. ನಡೆಸೋದು ಮಾತ್ರ ಪೂರ್ತಿ ಚಿಗವ್ವನೇ.

ನಾನು ಹೋದ ಎರಡನೇ ದಿನವೇ ನನಗೆ, ಚಿಗವ್ವನ ಮಗನಿಗೆ ಮತ್ತು ಗಿರಾಕಿಗಳಲ್ಲಿ ಇಬ್ಬರಿಗೆ ವಾಂತಿ-ಭೇದಿ ಶುರುವಾಯ್ತು. ಕಾರಣ ಇದೇ ಅಂತ ಸಾಬೀತು ಮಾಡೋಕೆ ಆಗಲ್ಲ. ಆದರೆ ಹಿಂದಿನ ದಿನ ಕಣ್ಣಾರೆ ಕಂಡದ್ದು ನೆನಪಿಗೆ ಬಂತು. ಹುಡುಗ ಕಟ್ಟೆ ಮೇಲೆ ಚೆಲ್ಲಿದ ತತ್ತಿ ಒರೆಸಿದ, ಬಟ್ಟೆಯನ್ನ ಬಕೆಟ್ಟಿನಲ್ಲಿ ಒಮ್ಮೆ ಅದ್ದಿ ಹಿಂಡಿದ, ಅದೇ ಬಟ್ಟೆಯಿಂದ ಉಳ್ಳಾಗಡ್ಡಿ-ಸೌತೆಕಾಯಿ ಹೆಚ್ಚೋ ಮಣೆ ಒರೆಸಿದ. ಹಸಿ ತತ್ತಿಯಲ್ಲಿ ಸಾಲ್ಮೊನೆಲ್ಲಾ ಇರಬಹುದು. ಆಮ್ಲೆಟ್ಟಾದರೆ ಬೇಯುತ್ತೆ, ಸೌತೆಕಾಯಿ ಬೇಯಲ್ಲ.

ಚಿಗವ್ವನಿಗೆ ಹೇಳಿದೆ. ಮುಖ ಸಣ್ಣದಾಯ್ತು. "ಯಾಕೋ ತಮ್ಮಾ, ಬಕೀಟಿನ್ಯಾಗ ಔಷಧ ಹಾಕ್ತೀನಿ, ಬಟ್ಟಿ ರಾತ್ರಿ ಸೋಪ್ ಹಚ್ಚಿ ತೊಳಿತೀನಿ. ಇನ್ನೇನು ಮಾಡ್ಲಿ?" ಅಂದಳು. ಸುಳ್ಳಲ್ಲ, ಅಷ್ಟೂ ಮಾಡ್ತಿದ್ದಳು. ನಾನು ಸುಮ್ಮನಾದೆ. ಆದರೆ ಬಗ್ ಎಲ್ಲಿದೆ ಅಂತ ಹುಡುಕದೆ ನಿದ್ದೆ ಬರಬೇಕಲ್ಲ!

ಔಷಧ ಅಂದ್ರೆ ಸೋಡಿಯಂ ಹೈಪೋಕ್ಲೋರೈಟ್, ಅಂಗಡಿಯಲ್ಲಿ ಸಿಗೋ ಬ್ಲೀಚ್ ದ್ರಾವಣ. ಕ್ಯಾನಿನ ಮೇಲೆ 4% ಅಂತಿತ್ತು. ಅಂದ್ರೆ ಒಂದು ಲೀಟರಿನಲ್ಲಿ ಹೆಚ್ಚುಕಮ್ಮಿ 40,000 ಮಿಲಿಗ್ರಾಂ, ಅಂದ್ರೆ 40,000 ಪಿಪಿಎಂ. ಆಹಾರ ತಾಗೋ ಕಟ್ಟೆ, ಮಣೆಗಳಿಗೆ 50ರಿಂದ 100 ಪಿಪಿಎಂ ಸಾಕು. 200 ದಾಟಿದರೆ ಮತ್ತೆ ನೀರಿನಿಂದ ತೊಳೀಬೇಕು. ಹತ್ತು ಲೀಟರ್ ಬಕೆಟ್ಟಿಗೆ 100 ಬೇಕಂದ್ರೆ ಲೆಕ್ಕ ಸುಲಭ:

```
10000 ml x 100 / 40000 = 25 ml
```

ಚಿಗವ್ವ ಹಾಕ್ತಿದ್ದದ್ದು "ಒಂದು ಮುಚ್ಚಳ". ಕೆಮ್ಮಿನ ಔಷಧದ ಅಳತೆ ಮುಚ್ಚಳದಿಂದ ಅಳೆದರೆ ಸುಮಾರು ಇಪ್ಪತ್ತು ಎಂಎಲ್. ಅಂದ್ರೆ 80 ಪಿಪಿಎಂ. ಸರಿಯಾಗೇ ಇದೆಯಲ್ಲ! ಆದರೂ ನಾನು 25 ಎಂಎಲ್ ಹಾಕಿ ಪರೀಕ್ಷೆ ಮಾಡೋಣ ಅಂದುಕೊಂಡೆ.

ಅಳೆಯೋದು ಹೇಗೆ? ಊರಿನ ನೀರುಗಂಟಿ ಹತ್ತಿರ ಕ್ಲೋರೋಸ್ಕೋಪ್ ಇತ್ತು. ಆರ್ಥೋಟಾಲಿಡಿನ್ ಹನಿ ಹಾಕಿದರೆ ಕ್ಲೋರಿನ್ ಇದ್ದ ನೀರು ಹಳದಿಯಾಗುತ್ತೆ, ಅದನ್ನ ಬಣ್ಣದ ಪಟ್ಟಿಗೆ ಹೋಲಿಸೋದು. ತೊಂದರೆ ಏನಂದ್ರೆ ಅದು ಕುಡಿಯೋ ನೀರಿಗಾಗಿ ಇರೋದು. ಅಲ್ಲಿ ನೋಡೋದು ಲೀಟರಿಗೆ 0.2 ಮಿಲಿಗ್ರಾಂ ಉಳಿದಿದೆಯಾ ಅಂತ. ನಮ್ಮ ಬಕೆಟ್ಟಿನ ನೀರು ನೇರ ಹಾಕಿದರೆ ಕೆಂಪು-ಕಿತ್ತಳೆ ಬಣ್ಣ ಬಂದು ಏನೂ ಗೊತ್ತಾಗಲ್ಲ. ಅದಕ್ಕೆ ಸಿರಿಂಜಿನಲ್ಲಿ 1 ಎಂಎಲ್ ಬಕೆಟ್ ನೀರು ತೆಗೆದು, ಕ್ಲೋರಿನ್ ಹಾಕದ 99 ಎಂಎಲ್ ಫಿಲ್ಟರ್ ನೀರಿಗೆ ಬೆರೆಸಿದೆ. ಪಟ್ಟಿಯಲ್ಲಿ 1 ಬಂದರೆ ಬಕೆಟ್ಟಿನಲ್ಲಿ 100 ಅಂತ ಲೆಕ್ಕ. ಬಣ್ಣವನ್ನ ಹನಿ ಹಾಕಿದ ಕೂಡಲೇ ನೋಡಬೇಕು. ನಿಂತಷ್ಟೂ ಕೊಳೆಗೆ ಅಂಟಿಕೊಂಡ ಕ್ಲೋರಿನ್ನೂ ಹಳದಿ ತೋರಿಸುತ್ತೆ, ಅದಕ್ಕೆ ಕೊಲ್ಲೋ ಶಕ್ತಿ ತೀರಾ ಕಡಿಮೆ. ಇನ್ನೊಂದು, ಆ ಹನಿ ವಿಷಕಾರಿ. ನಾನು ಹಿತ್ತಲಿನಲ್ಲಿ, ಅಡುಗೆಯಿಂದ ದೂರ ಕೂತು ಮಾಡಿದೆ.

ಬಂದದ್ದು 0.4. ಅಂದ್ರೆ 40 ಪಿಪಿಎಂ! ನೂರು ಇರಬೇಕಾದಲ್ಲಿ ನಲವತ್ತು. ಹಿಂದಕ್ಕೆ ಲೆಕ್ಕ ಹಾಕಿದರೆ ಕ್ಯಾನಿನೊಳಗಿನದು 4% ಅಲ್ಲ, ಸುಮಾರು 1.6%. ಕಾರಣ ಕೇಳಿದಾಗ ಗೊತ್ತಾಯ್ತು. ಕ್ಯಾನ್ ತಂದದ್ದು ಹೋದ ಬೇಸಿಗೆಗೆ, ಇಟ್ಟದ್ದು ಒಲೆ ಪಕ್ಕ, ತಗಡಿನ ಸೂರಿನ ಕೆಳಗೆ. ಹೈಪೋಕ್ಲೋರೈಟ್ ಬಿಸಿಲಿಗೆ, ಸೆಕೆಗೆ ತಾನೇ ಒಡೆದು ಉಪ್ಪಾಗ್ತಾ ಹೋಗುತ್ತೆ. ವಾಸನೆ ಮಾತ್ರ ಇದ್ದೇ ಇರುತ್ತೆ. ನಾವೆಲ್ಲ ನಂಬೋದು ಅದನ್ನೇ.

ಮರುದಿನ ಗಂಗಾವತಿಯಿಂದ ಹೊಸ ಕ್ಯಾನ್ ತಂದೆ. ಅದೇ 25 ಎಂಎಲ್, ಈ ಸಲ ಬಣ್ಣ 1ರ ಹತ್ತಿರ. ಚಿಗವ್ವ ಕೂಡ ನೋಡಿ "ಈಗ ಖರೇ ಅರಿಶಿನ ಆತು ನೋಡು" ಅಂದಳು. ನನಗೆ ಖುಷಿಯೋ ಖುಷಿ.

ಖುಷಿ ಎರಡು ತಾಸು ಉಳೀತು :) ನಾಷ್ಟಾದ ಗದ್ದಲ ಮುಗಿದ ಮೇಲೆ ಅದೇ ಬಕೆಟ್ಟನ್ನ ಅಳೆದೆ. 0.1ರಷ್ಟು ತಿಳಿ ಹಳದಿ. ಹತ್ತೇ ಪಿಪಿಎಂ! ಬಟ್ಟೆ ಅದ್ದಿದಾಗಲೆಲ್ಲ ಎಣ್ಣೆ, ಹಿಟ್ಟು, ತತ್ತಿ, ಸೋಪು ನೀರಿಗೆ ಇಳಿದಿತ್ತು. ಕ್ಲೋರಿನ್‌ಗೆ ಕ್ರಿಮಿ ಯಾವುದು, ಹಿಟ್ಟು ಯಾವುದು ಗೊತ್ತಾಗಲ್ಲ. ಮೊದಲು ಸಿಕ್ಕಿದ್ದರ ಮೇಲೆ ಖರ್ಚಾಗಿಬಿಡುತ್ತೆ.

ಆಗ ಬಟ್ಟೆಯ ವಿಷಯ ಅರ್ಥವಾಯ್ತು. ಬಟ್ಟೆ ಅಂದ್ರೆ ನೂಲಿನ ನಡುವೆ ಸಿಕ್ಕಿಕೊಂಡ ಅನ್ನದ ಕಣ ಮತ್ತು ತೇವ. ರಾತ್ರಿ ಸೋಪು ಹಚ್ಚಿ ತೊಳೆದು ನಲ್ಲಿ ಮೇಲೆ ಮುದ್ದೆ ಮಾಡಿ ಹಾಕಿದರೆ ಬೆಳಗಿನವರೆಗೆ ಒಣಗಲ್ಲ. ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತವೆ. ದಿನ ಕಳೆದಂತೆ ನೂಲಿಗೆ ಲೋಳೆಯಂಥ ಪದರ ಕಟ್ಟಿಕೊಂಡು ಅದರೊಳಗೆ ಕೂರುತ್ತವೆ. ಮಾರನೇ ದಿನ ಅದ್ದೋ ಕ್ಲೋರಿನ್ ಆ ಪದರದ ಮೇಲೇ ಮುಗಿದುಹೋಗುತ್ತೆ, ಒಳಗೆ ತಲುಪಲ್ಲ. ಹಾಗಾಗಿ ಬಟ್ಟೆ ಹಳೆಯದಾದಷ್ಟೂ ಬಕೆಟ್ಟೂ ಬೇಗ ಸಾಯುತ್ತೆ. ಮುಟ್ಟಿದರೆ ಜಾರುತ್ತೆ ಅಥವಾ ಹುಳಿ ವಾಸನೆ ಬಂತು ಅಂದ್ರೆ ಅದು ತಡವಾಗಿ ಬಂದ ಎಚ್ಚರಿಕೆ.

ಚಿಗವ್ವ ಏನೂ ಮಾತಾಡದೆ ಒಳಗೆ ಹೋಗಿ ಕಾಕಾನ ಎರಡು ಹಳೇ ಧೋತ್ರ ತಂದಳು. ಹರಿದು ಇಪ್ಪತ್ತು ತುಂಡು ಮಾಡಿದಳು. ಈಗ ಅವಳ ಕ್ರಮ ಹೀಗಿದೆ. ದಿನಾ ಬೆಳಿಗ್ಗೆ ಒಣಗಿದ ಹೊಸ ತುಂಡುಗಳು, ಟೇಬಲ್ಲಿಗೆ ಬೇರೆ, ಮಣೆ-ಕಟ್ಟೆಗೆ ಬೇರೆ. ಹಸಿ ತತ್ತಿ ಚೆಲ್ಲಿದರೆ ಪೇಪರಿನಿಂದ ಒರೆಸಿ ಒಲೆಗೆ. ಕಟ್ಟೆಯನ್ನ ಮೊದಲು ಸೋಪು, ಆಮೇಲೆ ಬರೀ ನೀರು, ಕೊನೆಗೆ ಔಷಧದ ನೀರು. ಅದು ಒಂದು ನಿಮಿಷವಾದರೂ ಒದ್ದೆಯಾಗಿರಬೇಕು, ತಾನೇ ಒಣಗಬೇಕು. ಬಕೆಟ್ಟಿನ ನೀರು ಮಬ್ಬಾದರೆ, ಇಲ್ಲವೇ ಎರಡು ತಾಸಾದರೆ, ಚೆಲ್ಲಿ ಹೊಸದು. ನೀರು ತಣ್ಣಗೇ ಇರಬೇಕು, ಬಿಸಿ ನೀರಿಗೆ ಹಾಕಿದರೆ ಕ್ಲೋರಿನ್ ಹಾರಿಹೋಗುತ್ತೆ. ಸಂಜೆ ಬಟ್ಟೆಗಳನ್ನೆಲ್ಲ ತೊಳೆದು, ಹತ್ತು ನಿಮಿಷ ಕುದಿಸಿ, ಮರುದಿನ ಬಿಸಿಲಿಗೆ ಬಿಡಿಸಿ ಹರವೋದು. ಕ್ಯಾನ್ ಈಗ ಒಳಮನೆಯ ಕತ್ತಲಲ್ಲಿ, ತಂದ ದಿನಾಂಕ ಬರೆದುಕೊಂಡು ಕೂತಿದೆ. ಕಕ್ಕಸು ತೊಳೆಯೋ ಆಸಿಡ್ ಅದರ ಹತ್ತಿರ ಸುಳಿಯಂಗಿಲ್ಲ, ಎರಡೂ ಬೆರೆತರೆ ಬರೋದು ಕ್ಲೋರಿನ್ ಅನಿಲ.

ಬೆಂಗಳೂರಿಗೆ ಬಂದ ಮೇಲೆ ಅವಳಿಗೆ 10ರಿಂದ 200 ಪಿಪಿಎಂವರೆಗೆ ತೋರಿಸೋ ಕಾಗದದ ಪಟ್ಟಿ ಕಳಿಸಿದೆ. ಅದ್ದಿದರೆ ಆಯ್ತು, ಸಿರಿಂಜು-ಹನಿ ರಗಳೆ ಇಲ್ಲ. ನಿನ್ನೆ ಫೋನ್ ಮಾಡಿದ್ದಳು. "ತಮ್ಮಾ, ಹನ್ನೊಂದಕ್ಕ ನೋಡಿದ್ನಿ, ಐವತ್ತರ ಕೆಳಗ ಇಳಿದಿತ್ತು, ಚೆಲ್ಲಿಬಿಟ್ನಿ. ನಿಮ್ಮ ಮನ್ಯಾಗ ಬಟ್ಟಿ ಎಷ್ಟು ದಿನದ್ದೋ?"

ಉತ್ತರ ಹೇಳಲಿಲ್ಲ. ಫೋನಿಟ್ಟು ಸಿಂಕ್ ಹತ್ತಿರ ಹೋಗಿ ನೋಡಿದೆ. ನಮ್ಮ ರೂಮಿನ ಆ ಬಟ್ಟೆ ಮೊದಲು ಯಾವ ಬಣ್ಣದ್ದಿತ್ತು ಅಂತಲೇ ನೆನಪಾಗಲಿಲ್ಲ. ನಿಮ್ಮದು?