ಮುಹೂರ್ತವಿಲ್ಲದ ಚೀಟಿ

ಮನೆ ಕಟ್ಟಿದ ಕಥೆಯನ್ನು ಪಾಯಾದಿಂದ ಶುರು ಮಾಡದೆ, ಚೀಟಿಯಿಂದಲೇ ಹೇಳುತ್ತೇನೆ.

ಯರಗಟ್ಟಿಯ ನಮ್ಮ ಮಣ್ಣಿನ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಬೇಕೆಂದು ಅಪ್ಪ ಗಟ್ಟಿ ಮಾಡಿದ ವರ್ಷ ಅದು. ಬೆಳಗಾವಿ–ಬಾಗಲಕೋಟೆ ರಸ್ತೆ ಬಿಟ್ಟು ಒಳಗೆ ಬಂದರೆ ನಮ್ಮ ಓಣಿ ಹತ್ತು ಫೂಟು ಅಗಲ. "ಶುರು ಮಾಡೂಕಿಂತ ಮೊದಲ ಮಂದಿಗೆ ಒಂದ ಚೀಟಿ ಕೊಟ್ಟ ಬಾ" ಅಂದರು ಅಪ್ಪ. ನಾನು ಕಾಲೇಜು ಕಲಿತವನು. "ತಮಗಾಗುವ ತೊಂದರೆಗೆ ಸಹಕರಿಸಬೇಕಾಗಿ ವಿನಂತಿ" ಎಂದು ಬರೆದು ಮನೆ ಮನೆಗೆ ಹಂಚಿದೆ.

ಪಕ್ಕದ ಮನೆಯ ಆಯಿ ಎರಡು ಸಲ ಓದಿಸಿದಳು.

"ತಮ್ಮಾ, ಲಗ್ನಪತ್ರಿಕಿ ಹಂಗ ಚಂದ ಐತಿ. ಆದ್ರ ಮುಹೂರ್ತನ ಇಲ್ಲಲ್ಲೋ ಇದರಾಗ!"

ಅವಳ ಚಿಂತೆ ಶಾವಿಗೆಯದು. ಬೇಸಿಗೆಯಲ್ಲಿ ಅವಳ ಮಾಳಿಗೆಯ ತುಂಬ ಶಾವಿಗೆ, ಸಂಡಿಗೆ ಒಣಗುತ್ತವೆ. ಅವಳ ಮನೆ ನಮ್ಮ ಮೂಡಲಿಗೆ, ಮಧ್ಯಾಹ್ನದ ಗಾಳಿ ಪಡುವಣದಿಂದ. ಎದುರು ಮನೆಯಲ್ಲಿ ಬಾಣಂತಿ, ಕೂಸು. ಮೂಲೆಮನೆಯವನ ಟಂಟಂ ನಸುಕಿನ ಐದಕ್ಕೆ ಕಾಯಿಪಲ್ಯ ತರಲು ಹೊರಡಬೇಕು. ನನ್ನ ವಿನಂತಿಯಲ್ಲಿ ಇವರಾರಿಗೂ ಉತ್ತರವಿರಲಿಲ್ಲ.

ಎರಡನೆಯ ಚೀಟಿ ಬರೆಯುವಾಗ ಗೌಂಡಿಯನ್ನೇ ಪಕ್ಕಕ್ಕೆ ಕೂರಿಸಿಕೊಂಡೆ. ಧೂಳು ಹೆಚ್ಚು ಏಳುವುದು ಗೋಡೆಯಿಂದಲ್ಲ, ಮಾಳಿಗೆಯ ಮೇಲಿನ ಮಣ್ಣಿನಿಂದ ಎಂದ. ನೀರು ಹೊಡೆದು ತೋಯಿಸೋಣವೆಂದೆ. "ಹುಚ್ಚೇನ್ರಿ? ತೋಯ್ದ ಮಣ್ಣಿನ ಭಾರಕ್ಕ ಹಳೇ ತೊಲಿ ಮುರಿದು ಆಳಿನ ಮ್ಯಾಲೆ ಬೀಳತಾವ." ಮೇಲಿನ ಮಣ್ಣನ್ನು ಒಣದಾಗಿಯೇ, ಗಾಳಿ ಏಳುವ ಮುಂಚೆ, ಬುಟ್ಟಿಯಲ್ಲಿ ಇಳಿಸುವುದು, ಕೆಳಗಿನ ಗುಡ್ಡೆಗಷ್ಟೇ ನೀರು ಚಿಮುಕಿಸುವುದು ಎಂದಾಯಿತು. ಹಾಗಾಗಿ ಚೀಟಿಯಲ್ಲಿ ಬರೆದದ್ದು: ಸೋಮವಾರದಿಂದ ನಾಲ್ಕು ದಿನ, ಬೆಳಿಗ್ಗೆ ಏಳರಿಂದ ಹತ್ತು, ಮಾಳಿಗೆ ಕೆಡವುತ್ತೇವೆ, ಆ ಹೊತ್ತು ಏನನ್ನೂ ಒಣಗಿಸಬೇಡಿರಿ. ಕಟರ್ ಮಷಿನ್ ಮಧ್ಯಾಹ್ನ ಒಂದರಿಂದ ಮೂರರವರೆಗೆ ಬಂದ್. ಕೂಸು ಮಲಗುವ ಹೊತ್ತದು. ಉಸುಕು, ಖಡಿ, ಇಟ್ಟಂಗಿಯ ಟ್ರ್ಯಾಕ್ಟರ್ ಹತ್ತರಿಂದ ಹನ್ನೆರಡರೊಳಗೆ ಖಾಲಿಯಾಗುತ್ತದೆ. ಟ್ರಾಲಿ ನಿಂತರೆ ನಮ್ಮ ಓಣಿಯಲ್ಲಿ ಸೈಕಲ್ಲೂ ದಾಟದು.

ದಿನದ ಕೆಲಸ ಸಂಜೆ ಆರಕ್ಕೆ ಮುಗಿಯುತ್ತದೆ ಎಂದು ಬರೆಯುವಷ್ಟರಲ್ಲಿ ಗೌಂಡಿ ಕೈ ಹಿಡಿದ. "ಸ್ಲ್ಯಾಬಿನ ದಿನ ಬಿಟ್ಟು ಅಂತ ಬರೀರಿ."

ಲೆಕ್ಕ ಹೀಗಿತ್ತು. ಸಾವಿರ ಚದರ ಫೂಟಿನ ಸ್ಲ್ಯಾಬು, ಐದು ಇಂಚು ದಪ್ಪ. ಸುಮಾರು 96 ಚೀಲ ಸಿಮೆಂಟು. ಮಿಕ್ಸರಿಗೆ ಒಂದು ಸಲಕ್ಕೆ ಒಂದೇ ಚೀಲ, ಐದು ನಿಮಿಷ. ಏನೂ ಕೆಡದಿದ್ದರೂ ಎಂಟು ತಾಸು. ನಡುವೆ ನಾಳೆಗೆಂದು ನಿಲ್ಲಿಸುವಂತಿಲ್ಲ. ಗಟ್ಟಿಯಾದ ಅಂಚಿಗೆ ಹೊಸ ಕಾಂಕ್ರೀಟು ಸರಿಯಾಗಿ ಕೂಡದೆ, ಮಳೆಗಾಲದಲ್ಲಿ ಆ ಜೋಡಿನಲ್ಲೇ ಸೋರುತ್ತದೆ. ವಸತಿ ಓಣಿಯಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದಿನ ಯಂತ್ರ ನಡೆಸಬಾರದೆಂದು ಶಬ್ದಮಾಲಿನ್ಯ ನಿಯಮವೂ ಇದೆ. ಹೀಗಾಗಿ "ಸ್ಲ್ಯಾಬಿನ ದಿನ ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತು, ಓಣಿ ಪೂರ್ತಿ ಬಂದ್, ತಾರೀಖು ಮೂರು ದಿನ ಮುಂಚೆ ಹೇಳುತ್ತೇವೆ" ಎಂದು ಬರೆದು, ಕೆಳಗೆ ಅಪ್ಪನ ಫೋನ್ ನಂಬರ್ ಹಾಕಿದೆ.

ಆ ದಿನ ಖಡಿಯ ಟ್ರ್ಯಾಕ್ಟರ್ ಬಂದದ್ದೇ ಹತ್ತಕ್ಕೆ. ಹತ್ತೂವರೆಗೆ ಮಿಕ್ಸರ್ ತಿರುಗಿತು. ಅರವತ್ತು ಚೀಲ ಆಗುತ್ತಲೇ ಬೆಲ್ಟು ಹರಿಯಿತು. ಹೊಸದು ತಂದು ಹಾಕಲು ಒಂದು ತಾಸು. ಅಷ್ಟು ಹೊತ್ತೂ ಆಳುಗಳು ಸ್ಲ್ಯಾಬಿನ ಅಂಚಿಗೆ ತೋಯ್ದ ಗೋಣಿತಟ್ಟು ಹೊದಿಸಿ ಕಾಯ್ದರು. ಕೊನೆಯ ಬುಟ್ಟಿ ಮೇಲೇರಿದಾಗ ಏಳೂವರೆ, ಗುಂಪು ಚದುರಿದಾಗ ಎಂಟು ದಾಟಿತ್ತು. ಟಂಟಂನವನು ಗಾಡಿಯನ್ನು ಹಿಂದಿನ ರಾತ್ರಿಯೇ ದೊಡ್ಡ ರಸ್ತೆಯ ಬದಿಗೆ ನಿಲ್ಲಿಸಿದ್ದ. ಬಾಣಂತಿಯನ್ನು ಆ ದಿನದ ಮಟ್ಟಿಗೆ ಅವಳ ಕಾಕಾನ ಮನೆಗೆ ಕರೆದೊಯ್ದಿದ್ದರು. ಫೋನ್ ಬಂದದ್ದು ಒಂದೇ, ಅದೂ ಚಹಾ ಎಷ್ಟು ಮಂದಿಗೆ ಬೇಕೆಂದು ಕೇಳಲು.

ನಾನು ಬೀಗಿದೆ, ಸುಳ್ಳೇಕೆ.

ಮರುದಿನದಿಂದ ಸ್ಲ್ಯಾಬಿನ ಮೇಲೆ ಸಿಮೆಂಟು–ಉಸುಕಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿದೆವು. ಐದನೆಯ ದಿನ ಆಯಿ ಕರೆದಳು. ಅವಳ ಮಣ್ಣಿನ ಗೋಡೆಯ ಬುಡ ಮೊಣಕಾಲೆತ್ತರ ಕಪ್ಪಾಗಿತ್ತು. ಕೈಯಿಟ್ಟರೆ ತಂಪು, ಉಗುರಿಗೆ ಮಣ್ಣು ಬಂತು. ಒಂದು ಮೂಲೆಯಲ್ಲಿ ನಮ್ಮ ಬದು ಒಡೆದು, ನೀರು ಎರಡು ಮನೆಗಳ ಸಂದಿಗೆ ಇಳಿಯುತ್ತಿತ್ತು. ಸದ್ದು, ಧೂಳು, ಗಾಡಿ, ಹೊತ್ತು ಎಲ್ಲ ಬರೆದಿದ್ದೆ, ನೀರು ನೆನಪಾಗಿರಲಿಲ್ಲ. ಅಂದೇ ಬದು ಸರಿ ಮಾಡಿಸಿ, ಸಂದಿಯಲ್ಲಿ ಹರಿ ತೋಡಿ ಗಟಾರಕ್ಕೆ ಬಿಟ್ಟೆವು. ಗೋಡೆ ಒಣಗಲು ತಿಂಗಳು ಹಿಡಿಯಿತು. ಅದಕ್ಕೆ ಹೊಸ ಗಿಲಾವನ್ನೂ ನಾವೇ ಮಾಡಿಸಿದೆವು.

ಆಯಿ ಬೈಯಲಿಲ್ಲ. ಒಳಗಿನಿಂದ ನನ್ನ ಚೀಟಿ ತಂದು ಮುಂದೆ ಹಿಡಿದಳು. "ಇಲ್ಲಿ ಖಾಲಿ ಜಾಗಾ ಐತಿ ನೋಡ. ನೀರಿಂದೂ ಬರಿ. ಮುಂದಿನ ವರ್ಷ ನಮ್ದೂ ಕೆಡವೂದೈತಿ, ನನಗೂ ಒಂದ ಚೀಟಿ ಬೇಕಾಗತೈತಿ."