ಬಯೋಡಾಟಾ ಮತ್ತು ಒಂದು ವಡೆ

ಮೂವತ್ತು ವರ್ಷ ಮದ್ದೂರಿನಿಂದ ಬಿಡಿ ಸುದ್ದಿ ಬರೆದುಕೊಂಡಿದ್ದ ನನಗೆ ಐವತ್ತಾರನೇ ವಯಸ್ಸಿನಲ್ಲಿ ಬಯೋಡಾಟಾ ಬೇಕಾಯಿತು. ಬೆಂಗಳೂರಿನ ಯಾರಿಗೋ ಕನ್ನಡ ಬರೆಯುವವರು ಬೇಕಂತೆ.

"ಬರೀತೀನಿ ಅಂದ್ರೆ ಸಾಲ್ದು ಮಾವ. ಎಲ್ಲಿ ಬರ್ದಿದ್ದೀರ, ಎಷ್ಟ್ ಜನ ಓದಿದ್ರು, ಯಾವ ವಿಷ್ಯ ಗೊತ್ತು, ಮೂರೂ ಕೇಳ್ತಾರೆ" ಎಂದು ಅಕ್ಕನ ಮಗ ಲ್ಯಾಪ್‌ಟಾಪ್ ತೆರೆದು ಕೂತ.

ನನ್ನ ಹಳೆಯ ಪೆನ್‌ಡ್ರೈವ್ ಹಾಕಿದೆವು. ಪರದೆಯ ಮೇಲೆ ªÀÄAqÀå ಎಂದು ಮೂಡಿತು.

"ಇದ್ಯಾವ ಭಾಷೆ?"

"ಮಂಡ್ಯ ಕಣಪ್ಪ."

ನುಡಿ ತಂತ್ರಾಂಶದ ಹಳೇ ಲಿಪಿಯಲ್ಲಿ ಟೈಪು ಮಾಡಿದ್ದು. ಯೂನಿಕೋಡ್‌ಗೆ ತಿರುಗಿಸದಿದ್ದರೆ ಬೇರೆಯವರ ಕಂಪ್ಯೂಟರಿನಲ್ಲಿ ನನ್ನ ಮಂಡ್ಯ ಹೀಗೇ ಕಾಣುತ್ತದೆ. ಇನ್ನು ಜಾಲತಾಣದ ಏಳು ಲಿಂಕುಗಳಲ್ಲಿ ನಾಲ್ಕು ಸತ್ತಿದ್ದವು. ಪತ್ರಿಕೆ ತಾಣ ಬದಲಿಸಿದಾಗ ಹಳೇ ಬರಹ ಎತ್ತಿಕೊಂಡು ಹೋಗಿರಲಿಲ್ಲ. ಆದ್ದರಿಂದ ಲಿಂಕಿನ ಜೊತೆಗೆ ಕತ್ತರಿಸಿಟ್ಟ ಕಾಗದದ ಪಿಡಿಎಫ್ಫೂ ಇರಲಿ, ಪತ್ರಿಕೆಯ ಹೆಸರು, ತಾರೀಖು ಕಾಣುವಂತೆ.

ಓದುಗರ ಲೆಕ್ಕಕ್ಕೆ ಬಂದಾಗ ಹುಡುಗ ಪತ್ರಿಕೆಯ ಪ್ರಸಾರ ಸಂಖ್ಯೆಯನ್ನೇ ಬರೆಯಲು ಹೊರಟ. ತಡೆದೆ. ಅದು ಮಾರಾಟವಾದ ಪ್ರತಿಗಳ ಲೆಕ್ಕ. ಅದರಲ್ಲಿ ನನ್ನ ಒಂಬತ್ತನೇ ಪುಟ ಎಷ್ಟು ಜನ ತೆರೆದರೋ ಯಾರಿಗೆ ಗೊತ್ತು? ಅತ್ತ ಮಳವಳ್ಳಿಯ ಕ್ಷೌರದಂಗಡಿಯಲ್ಲಿ ಒಂದೇ ಪ್ರತಿಯನ್ನು ನಾಲ್ಕು ಹಾಳೆ ಮಾಡಿ ಇಪ್ಪತ್ತು ಜನ ಓದುತ್ತಾರೆ, ಅದೂ ಆ ಲೆಕ್ಕದಲ್ಲಿ ಒಂದೇ. ಕೊನೆಗೆ ನಂಬುವಂಥದ್ದು ಒಂದೇ ಸಿಕ್ಕಿತು: ತಾಣದಲ್ಲಿ ಬಂದ ಒಂದು ಲೇಖನವನ್ನು ಮೊದಲ ತಿಂಗಳಲ್ಲಿ 4,200 ಸಲ ತೆರೆದಿದ್ದಾರೆ, ತೆರೆದವರು 2,900 ಜನ. ಎರಡನ್ನೂ ತಿಂಗಳ ಸಮೇತ ಬರೆಸಿದೆ. ದೊಡ್ಡದನ್ನಷ್ಟೇ ಬರೆದರೆ ನಾನೇ ಹತ್ತು ಸಲ ತೆರೆದು ನೋಡಿದ್ದೂ ಓದುಗರಾಗಿಬಿಡುತ್ತದೆ.

ಪರಿಣತಿ ಎಂಬಲ್ಲಿ ನಾನು ಧಾರಾಳವಾಗಿ ಕೃಷಿ, ರಾಜಕೀಯ, ಸಂಸ್ಕೃತಿ, ಕ್ರೀಡೆ ಎಂದೆ. "ಎಲ್ಲ ಗೊತ್ತು ಅಂದ್ರೆ ಏನೂ ಗೊತ್ತಿಲ್ಲ ಅಂತ ಓದ್ಕೋತಾರೆ ಮಾವ." ಮುಖ ಸಣ್ಣಗಾದರೂ ಹೊಡೆದುಹಾಕಿ ಒಂದೇ ಬರೆಸಿದೆ: ಕಬ್ಬಿನ ಬಾಕಿ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಡ್ಡಿಯನ್ನು ರೈತರೊಬ್ಬರ ತೂಕದ ಚೀಟಿ ಇಟ್ಟುಕೊಂಡು ಕೂಡಿಸಿ 2009ರಲ್ಲಿ ಬರೆದಿದ್ದೆ. ಪರಿಣತಿಗೆ ಸಾಕ್ಷಿ ಅಂದರೆ ಅದೇ.

ಅದೇ ಇಲ್ಲ. ನಮ್ಮವಳು ರದ್ದಿಗೆ ಹಾಕಿದ್ದಳು. ಆ ವಾರವೇ ನಿಲ್ದಾಣದ ಹತ್ತಿರ ವಡೆ ಕೊಂಡೆ. ಪೊಟ್ಟಣ ಬಿಚ್ಚಿದರೆ ನನ್ನದೇ ಹೆಸರು, ಅರ್ಧ ಎಣ್ಣೆಯಲ್ಲಿ. ವಡೆ ತಿಂದು ಕೈ ಒರೆಸಿಕೊಂಡು ಎಸೆದೆ. ಆಗ ಬಯೋಡಾಟಾ ಎಲ್ಲಿತ್ತು?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಲ್ಲಿ ಯಾರಾದರೂ ಆ ಪುಟವನ್ನು ಟ್ರಂಕಿನಡಿಗೆ ಹಾಸಿದ್ದರೆ ದಯವಿಟ್ಟು ಒಂದು ಫೋಟೊ ತೆಗೆಯಿರಿ. ತಾರೀಖು ಕಾಣಬೇಕು. ಎಣ್ಣೆ ಕಲೆ ಇದ್ದರೂ ಚಿಂತೆಯಿಲ್ಲ.